ತಿಂಗಳಿಗೆ ಎರಡು ಸಾವಿರವೋ, ಸುಗ್ಗಿಗೆ ಒಂದು ತೊಲಿಯೋ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಒಂದು ಮನೆ ಎಂದುಕೊಳ್ಳಿ. ಅವ್ವನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಮಗನ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಚೀಚೆ, ಗೋವಿನಜೋಳ ಮಾರಿದಾಗ. ಮೊಮ್ಮಗಳ ಮದುವೆಗೆ ಈಗಿನಿಂದಲೇ ಬಂಗಾರ ಕೂಡಿಸಬೇಕೆಂಬುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಜಗಳ ಇರುವುದು ಹೇಗೆ ಎಂಬುದರಲ್ಲಿ.

"ತಿಂಗಳಾ ಚಿಲ್ಲರ ಹಾಕಿದ್ರ ಎಂದ ತೊಲಿ ಆಗಬೇಕವ್ವಾ? ಮಾಲು ಮಾರಿದ ದಿನಾನ ಹುಬ್ಬಳ್ಳಿಗೆ ಹೋಗಿ ಒಮ್ಮೆಲೇ ತಂದಬಿಡೂಣು" ಎನ್ನುತ್ತಾನೆ ಮಗ.

"ನಾಳೆ ರೇಟ್ ಇಳೀತಂದ್ರ ಎದಿ ಬಡಕೊಳ್ಳಾಂವ ನೀನ. ನಾ ಸ್ವಲ್ಪ ಸ್ವಲ್ಪ ಕೂಡಸ್ತೀನಿ" ಎನ್ನುತ್ತಾಳೆ ಅವ್ವ.

ಮನೆ ಕಲ್ಪನೆಯದು, ಆದರೆ ಈ ಜಗಳ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಷ್ಟೋ ಮನೆಗಳದ್ದು. ಇದನ್ನು ಬಾಯಿಮಾತಿನಲ್ಲಿ ಬಗೆಹರಿಸುವುದಕ್ಕಿಂತ ಹಳೆಯ ದರ ಹಚ್ಚಿ ನೋಡುವುದು ಮೇಲು. ಸುಗ್ಗಿಯ ದುಡ್ಡು ಬರುವ ಹೊತ್ತು ಅದೇ ಆದ್ದರಿಂದ ಪ್ರತಿ ವರ್ಷದ ದೀಪಾವಳಿಯ ದರವನ್ನೇ ಹಿಡಿಯೋಣ. ಇಲ್ಲಿ ಕೊಡುವುದೆಲ್ಲ 24 ಕ್ಯಾರೆಟ್‌ನ 10 ಗ್ರಾಂ ದರ, ಲೆಕ್ಕ ಸುಲಭವಾಗಲೆಂದು ಹತ್ತಿರದ ಐನೂರಕ್ಕೆ ದುಂಡಾಗಿಸಿದ್ದು. ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಅದನ್ನೂ ದೀಪಾವಳಿಗೊಮ್ಮೆ ಕೊಂಡಂತೆ ಭಾವಿಸೋಣ. ತಿಂಗಳ ಲೆಕ್ಕವನ್ನೇ ಹಿಡಿದರೂ ಫಲಿತಾಂಶದ ದಿಕ್ಕು ಬದಲಾಗದು.

ಮೊದಲು ಅವ್ವ ಗೆಲ್ಲುವ ಏಳು ವರ್ಷ. 2012ರ ದೀಪಾವಳಿಗೆ ದರ 31,000ದ ಸುಮಾರಿಗಿತ್ತು. ಅಲ್ಲಿಂದ ಇಳಿಯಿತು. 2013ರ ಏಪ್ರಿಲ್‌ನಲ್ಲಿ ಪರದೇಶದ ಪೇಟೆಯಲ್ಲಿ ಎರಡೇ ವಹಿವಾಟಿನ ದಿನಗಳಲ್ಲಿ ಬಂಗಾರ ಕುಸಿದುಬಿದ್ದದ್ದು ಅನೇಕರಿಗೆ ನೆನಪಿದೆ. ಆ ವರ್ಷದ ದೀಪಾವಳಿಗೆ 30,000, ಮುಂದಿನ ವರ್ಷ 27,500, 2015ಕ್ಕೆ 26,000. ಆಮೇಲೆ ಎರಡು ವರ್ಷ 30,000ದ ಆಸುಪಾಸಿನಲ್ಲಿ ತೂಗಾಡಿ, 2018ಕ್ಕೆ 31,500ಕ್ಕೆ ಬಂದು ನಿಂತಿತು. ಆರು ವರ್ಷ ಕಾದರೂ ದರ ಹೊರಟಲ್ಲಿಗೇ ಬಂದಿತ್ತು.

ಏಳು ಕಂತಿನ ಒಟ್ಟು ಮೊತ್ತ 1,68,000 ರೂಪಾಯಿಯನ್ನು ಮಗ 2012ರಲ್ಲೇ ಸುರಿದಿದ್ದರೆ ಸಿಗುತ್ತಿದ್ದದ್ದು 54 ಗ್ರಾಂ. ಅವ್ವ ವರ್ಷಕ್ಕೆ 24,000ದಂತೆ ಕೊಂಡಿದ್ದರೆ ದರ ಇಳಿದ ವರ್ಷಗಳಲ್ಲಿ ಹೆಚ್ಚು ತೂಕ ಬಂದು, 2018ರ ಹೊತ್ತಿಗೆ 57 ಗ್ರಾಂ ಕೂಡುತ್ತಿತ್ತು. ಅವ್ವನಿಗೆ 3 ಗ್ರಾಂ ಲಾಭ.

ಈಗ ಮಗ ಗೆಲ್ಲುವ ಏಳು ವರ್ಷ. 2018ರ ಅದೇ 31,500ರಿಂದ ಹೊರಡೋಣ. ಮುಂದಿನ ದೀಪಾವಳಿಗೆ 38,000, ಕೊರೊನಾದ ವರ್ಷ 51,000. ಒಂದೆರಡು ವರ್ಷ ಅಲ್ಲೇ ಸ್ವಲ್ಪ ಕೆಳಗೆ ನಿಂತು, 2023ಕ್ಕೆ 60,500, 2024ಕ್ಕೆ 79,500. ಅದೇ 1,68,000ವನ್ನು 2018ರಲ್ಲಿ ಒಮ್ಮೆಲೇ ಹಾಕಿದವನಿಗೆ 53 ಗ್ರಾಂ ಸಿಕ್ಕಿತು, ಕಂತಿನಲ್ಲಿ ಕೊಂಡವಳಿಗೆ 35. ಮಗನಿಗೆ 18 ಗ್ರಾಂ ಲಾಭ, ಹತ್ತಿರ ಹತ್ತಿರ ಎರಡು ತೊಲಿ. ಕೊನೆಯ ಕಂತಿನಲ್ಲಿ ಅವ್ವನಿಗೆ ಬಂದದ್ದು ಕೇವಲ 3 ಗ್ರಾಂ. ಮೊದಲ ಕಂತಿನ 24,000ಕ್ಕೆ ಏಳೂವರೆ ಗ್ರಾಂ ಮೀರಿ ಬಂದಿತ್ತು.

ಇಲ್ಲಿಗೇ ನಿಲ್ಲಿಸಿದರೆ ಮಗನೇ ಗೆದ್ದಂತೆ ಕಾಣುತ್ತದೆ. ಗೆದ್ದರೆ 18 ಗ್ರಾಂ, ಸೋತರೆ 3 ಗ್ರಾಂ. ಬಂಗಾರದ ಅಂಗಡಿಯವರು, ಹಣದ ಸಲಹೆಗಾರರು ಬಹಳ ಸಲ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಲೆಕ್ಕದಲ್ಲಿ ಒಂದು ಕಳ್ಳತನ ಇದೆ. ಅವ್ವ ಮೊದಲ ವರ್ಷ 24,000 ಹಾಕಿದಾಗ ಉಳಿದ 1,44,000 ಎಲ್ಲಿತ್ತು? ಲೆಕ್ಕ ಅದನ್ನು ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಇಟ್ಟಿದೆ.

ಅದನ್ನು ಬ್ಯಾಂಕಿನ ಠೇವಣಿಗೆ ಹಾಕಿ ಮತ್ತೆ ಎಣಿಸೋಣ. 2012ರ ನಂತರದ ವರ್ಷಗಳ ಬಡ್ಡಿಯನ್ನು ಶೇಕಡಾ 8 ಎಂದು ಹಿಡಿಯಬಹುದು. ವರ್ಷಾ ವರ್ಷಾ ಬಂದ ಬಡ್ಡಿಗೂ ಬಂಗಾರವನ್ನೇ ಕೊಂಡರೆ ಅವ್ವನ 57 ಗ್ರಾಂ 71ಕ್ಕೆ ಏರುತ್ತದೆ. ಮಗನ 54 ಅಲ್ಲೇ ಇರುತ್ತದೆ. 2018ರ ನಂತರದ ಏಳು ವರ್ಷಕ್ಕೆ ಬಡ್ಡಿಯನ್ನು ಶೇಕಡಾ 6 ಎಂದು ಹಿಡಿದರೆ ಅವ್ವನ 35 ಗ್ರಾಂ ಸುಮಾರು 42 ಆಗುತ್ತದೆ, ಮಗನದು 53. ಅಂದರೆ 3ಕ್ಕೆ 18 ಎಂದಿದ್ದ ಅಂತರ 17ಕ್ಕೆ 11 ಆಯಿತು. ತಕ್ಕಡಿ ತಿರುಗಿತು.

ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿ ಇರುವುದು ಇಲ್ಲಿ. ತಿಂಗಳ ಕಂತಿನಲ್ಲಿ ಕೊಂಡರೆ ದರ ಸರಾಸರಿಯಾಗುತ್ತದೆ ಎಂಬ ಮಾತನ್ನು ಮಂತ್ರದಂತೆ ಹೇಳುವುದುಂಟು. ಮಂತ್ರದ ಶಕ್ತಿ ಎಷ್ಟೆಂದು ಅಳೆದು ನೋಡಿ. 2012ರಿಂದ 2018ರ ಏಳು ದರಗಳನ್ನು ಕೂಡಿಸಿ ಏಳರಿಂದ ಭಾಗಿಸಿದರೆ 29,430 ಬರುತ್ತದೆ. ಕಂತಿನಲ್ಲಿ ಕೊಂಡವಳಿಗೆ ಬಿದ್ದ ದರ 29,310. ಹತ್ತು ಗ್ರಾಂಗೆ ನೂರಿಪ್ಪತ್ತು ರೂಪಾಯಿ, ಅಷ್ಟೇ. ಕಂತನ್ನು ಗೆಲ್ಲಿಸಿದ್ದು ಸರಾಸರಿಯಲ್ಲ, ಕಾಯುತ್ತಿದ್ದ ದುಡ್ಡು ದುಡಿಯುತ್ತಿತ್ತು ಎಂಬುದು. ಬಂಗಾರದ ದರ ಬ್ಯಾಂಕಿನ ಬಡ್ಡಿಗಿಂತ ಜೋರಾಗಿ ಏರಿದ ಕಾಲದಲ್ಲಿ ಒಮ್ಮೆಲೇ ಕೊಂಡವನು ಮುಂದೆ. ಬಡ್ಡಿಗಿಂತ ಹಿಂದೆ ಬಿದ್ದ ಕಾಲದಲ್ಲಿ ಕಂತಿನವಳು ಮುಂದೆ. ಮುಂದಿನ ಏಳು ವರ್ಷ ಯಾವ ಜಾತಿಯದೆಂದು 2012ರಲ್ಲೂ ಯಾರಿಗೂ ಗೊತ್ತಿರಲಿಲ್ಲ, 2018ರಲ್ಲೂ ಗೊತ್ತಿರಲಿಲ್ಲ.

ಇಳಿಯುವ ಕಾಲ ಹೊಸದೂ ಅಲ್ಲ. 1996ರಲ್ಲಿ 5,100ರ ಮೇಲಿದ್ದ ದರ ಎರಡೇ ವರ್ಷದಲ್ಲಿ 4,000ದ ಸನಿಹಕ್ಕೆ ಬಂದು, ಮತ್ತೆ ಅಷ್ಟಕ್ಕೆ ಮುಟ್ಟಲು ಹೊಸ ಶತಮಾನವೇ ಬರಬೇಕಾಯಿತು. ಆಗ ಠೇವಣಿಗೆ ಶೇಕಡಾ 10ರ ಮೇಲೆ ಬಡ್ಡಿ ಸಿಗುತ್ತಿತ್ತು. ಇನ್ನು ಕೆಲವು ಸಲ ದರ ಬೀಳುವುದು ಪೇಟೆಯಿಂದಲೂ ಅಲ್ಲ, ದಿಲ್ಲಿಯಿಂದ. 2024ರ ಜುಲೈ 23ರ ಬಜೆಟ್ಟಿನಲ್ಲಿ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದಾಗ, ಒಂದೇ ದಿನದಲ್ಲಿ ಹತ್ತು ಗ್ರಾಂ ಮೇಲೆ ಸುಮಾರು ನಾಲ್ಕು ಸಾವಿರ ರೂಪಾಯಿ ಕಡಿಮೆಯಾಯಿತು. ಹಿಂದಿನ ದಿನ ಮದುವೆ ಬಂಗಾರ ಕೊಂಡವರ ಮುಖ ಹೇಗಿದ್ದಿರಬೇಕು!

ಮಗನಿಗೂ ಅವ್ವನಿಗೂ ಇಲ್ಲಿ ಒಂದು ವ್ಯತ್ಯಾಸ ಇದೆ. ಅವ್ವನ ಬಳಿ ಯಾವತ್ತೂ 1,68,000 ಇರಲೇ ಇಲ್ಲ. ಬರುವುದೇ ತಿಂಗಳಿಗೆ 2,000. ಅವಳಿಗೆ ಒಮ್ಮೆಲೇ ಎಂಬ ದಾರಿ ಇಲ್ಲ. ಅವಳ ಮುಂದಿರುವ ನಿಜವಾದ ಆಯ್ಕೆ ಬೇರೆ. ಬಂದ ತಿಂಗಳೇ ಗ್ರಾಂ ಗಟ್ಟಿ ಮಾಡಿಕೊಳ್ಳಬೇಕೋ, ದುಡ್ಡಾಗಿಯೇ ಕೂಡಿಟ್ಟು ಕೊನೆಗೆ ಕೊಳ್ಳಬೇಕೋ? ಹೆಚ್ಚಿನವರು ಎಡವುವುದು ಇಲ್ಲಿಯೇ, ಅದೂ ಬಂಗಾರದಂಗಡಿಯ ತಿಂಗಳ ಸ್ಕೀಮಿನಲ್ಲಿ.

ಈ ಸ್ಕೀಮುಗಳಲ್ಲಿ ಸಾಮಾನ್ಯವಾಗಿ ಹನ್ನೊಂದು ಕಂತು ನಾವು ಕಟ್ಟುತ್ತೇವೆ, ಒಂದು ಕಂತು ಅಂಗಡಿ ಸೇರಿಸುತ್ತದೆ, ಇಲ್ಲವೇ ಮಜೂರಿ ಬಿಡುತ್ತದೆ. ಹನ್ನೊಂದೇ ಯಾಕೆ? ಕಂಪನಿಯೊಂದು ಸರಕಿಗಾಗಿ ಮುಂಗಡ ಪಡೆದರೆ 365 ದಿನದೊಳಗೆ ಸರಕು ಕೊಟ್ಟು ಮುಗಿಸಬೇಕು, ದಾಟಿದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ ಎಂಬ ನಿಯಮ 2014ರಿಂದ ಇದೆ. ಅನುಮತಿಯಿಲ್ಲದೆ ಠೇವಣಿ ಪಡೆಯುವುದನ್ನು 2019ರ ಕಾನೂನು ನಿಷೇಧಿಸಿದೆ. ಹೀಗಾಗಿ ಎರಡು ವರ್ಷ, ಮೂರು ವರ್ಷದ ಸ್ಕೀಮು ಎಂದು ಯಾರಾದರೂ ಚೀಟಿ ಹಿಡಿದು ಬಂದರೆ ಅಲ್ಲಿಂದಲೇ ಎದ್ದುಬಿಡುವುದು ಒಳ್ಳೆಯದು.

ಸ್ಕೀಮಿನಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿ ಕಂತು ಕಟ್ಟಿದ ದಿನದ ದರಕ್ಕೆ ಅಷ್ಟು ಮಿಲಿಗ್ರಾಂ ನಿಮ್ಮ ಹೆಸರಿಗೆ ಬರೆಯುತ್ತಾರೆ. ಇನ್ನೊಂದರಲ್ಲಿ ದುಡ್ಡು ಮಾತ್ರ ಕೂಡುತ್ತ ಹೋಗುತ್ತದೆ, ಕೊನೆಯ ದಿನದ ದರಕ್ಕೆ ಬಂಗಾರ ಕೊಡುತ್ತಾರೆ. ಎರಡಕ್ಕೂ ತಿಂಗಳ ಬಂಗಾರ ಎಂದೇ ಹೆಸರು. ಆದರೆ ಎರಡನೆಯದು ತಿಂಗಳ ಖರೀದಿಯೇ ಅಲ್ಲ. ಅದು ವರ್ಷದ ಕೊನೆಗೆ ಒಮ್ಮೆಲೇ ಕೊಳ್ಳುವುದು, ದುಡ್ಡು ಮಾತ್ರ ಮುಂಚೆಯೇ ಅಂಗಡಿಯವರ ಗಲ್ಲಾಪೆಟ್ಟಿಗೆಯಲ್ಲಿ.

ವ್ಯತ್ಯಾಸ ಎಷ್ಟೆಂದು 2024ರ ದೀಪಾವಳಿಯ ನಂತರ ಶುರುವಾಗಿ 2025ರ ಅಕ್ಟೋಬರ್‌ನಲ್ಲಿ ಮುಗಿದ ಸ್ಕೀಮಿನಲ್ಲಿ ನೋಡಬಹುದು. ಆರಂಭದಲ್ಲಿ 22 ಕ್ಯಾರೆಟ್‌ನ ಒಂದು ಗ್ರಾಂ 7,200ರ ಸುಮಾರಿಗಿತ್ತು, ಕೊನೆಗೆ 11,800ರ ಸುಮಾರಿಗೆ ಏರಿತ್ತು. ಅವ್ವ 2,000ದಂತೆ 22,000 ಕಟ್ಟಿ, ಅಂಗಡಿಯವರ 2,000 ಸೇರಿ 24,000 ಆಯಿತೆನ್ನಿ. ಕೊನೆಯ ದಿನದ ದರಕ್ಕೆ ಅದು 2 ಗ್ರಾಂಗೆ ಸಮ. ತಿಂಗಳು ತಿಂಗಳು ಗ್ರಾಂ ಬರೆಸಿಕೊಳ್ಳುವ ಸ್ಕೀಮಾಗಿದ್ದರೆ, ಅಂಗಡಿಯ ಕಂತು ಇಲ್ಲದೆಯೂ, 22,000ಕ್ಕೇ ಎರಡೂವರೆ ಗ್ರಾಂ ದಾಟುತ್ತಿತ್ತು.

ಹಾಗೆಂದು ದುಡ್ಡಿನ ಸ್ಕೀಮನ್ನು ಪೂರಾ ತೆಗೆದುಹಾಕುವಂತಿಲ್ಲ. ಹನ್ನೊಂದು ತಿಂಗಳ ಕಂತಿಗೆ ಒಂದು ಕಂತು ಉಡುಗೊರೆ ಎಂದರೆ, ಮೊದಲ ಕಂತು ಹನ್ನೊಂದು ತಿಂಗಳು, ಕೊನೆಯದು ಒಂದೇ ತಿಂಗಳು ಇರುವುದರಿಂದ, ಅದು ವರ್ಷಕ್ಕೆ ಶೇಕಡಾ 18ರ ಬಡ್ಡಿಗೆ ಸಮನಾಗುತ್ತದೆ. ದರ ತಟಸ್ಥವಾಗಿದ್ದ ಅಥವಾ ಇಳಿದ ವರ್ಷದಲ್ಲಿ ಇದು ಚಲೋ ವ್ಯವಹಾರವೇ. ಆದರೆ ಆ ಬಡ್ಡಿ ನಿಮಗೆ ದಕ್ಕುವುದು ಅದೇ ಅಂಗಡಿಯ ಒಡವೆ ಕೊಂಡರೆ ಮಾತ್ರ. ಮಜೂರಿ ಶೇಕಡಾ 8 ಎಂದು ತಿಳಿದು ಹೋದವರಿಗೆ ಸ್ಕೀಮಿನ ಗಿರಾಕಿಗೆಂದು 14ರ ಮಾಲು ತೋರಿಸಿದರೆ ಉಡುಗೊರೆಯ ಬಹುಪಾಲು ಅಲ್ಲೇ ಕರಗಿತು. ಆದ್ದರಿಂದ ಹೆಸರು ಬರೆಸುವ ಮುನ್ನ ಕಾರ್ಡಿನ ಹಿಂದಿನ ಸಣ್ಣ ಅಕ್ಷರ ಓದಿಸಿಕೊಂಡು ಮೂರು ಮಾತು ಕೇಳಬೇಕು: ಗ್ರಾಂ ಬರೆಯುತ್ತೀರೋ ರೂಪಾಯಿಯೋ, ಮಜೂರಿ ಎಷ್ಟರವರೆಗೆ ಮಾಫಿ, ಒಂದು ಕಂತು ತಪ್ಪಿದರೆ ಏನು.

ಕಂತು ತಪ್ಪುವ ಮಾತು ಈ ಮನೆಗೆ ಮುಖ್ಯ. ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತದೆಂಬ ಖಾತ್ರಿ ಇಲ್ಲ. ತಿಂಗಳುಗಟ್ಟಲೆ ನಿಂತು, ಎರಡು ಮೂರು ಕಂತು ಒಟ್ಟಿಗೆ ಬಿದ್ದದ್ದೂ ಇದೆ. ಅಂಗಡಿಯ ಸ್ಕೀಮಿನಲ್ಲಿ ಕಂತು ತಪ್ಪಿದರೆ ಉಡುಗೊರೆ ಹೋಗಬಹುದು. ಬ್ಯಾಂಕಿನಿಂದ ತಾನಾಗಿಯೇ ಕಡಿತವಾಗುವ ಎಸ್‌ಐಪಿಯಲ್ಲಾದರೆ ಖಾತೆಯಲ್ಲಿ ದುಡ್ಡಿಲ್ಲದ ದಿನ ಬ್ಯಾಂಕು ದಂಡ ಹಾಕುತ್ತದೆ. 2,000ದ ಕಂತಿನ ಮೇಲೆ ಒಂದು ಸಲದ ದಂಡ ಎಂದರೆ ಆ ಸರಾಸರಿ ಮಂತ್ರದ ಲಾಭವೆಲ್ಲ ಅಲ್ಲಿಗೆ ಹೋಯಿತು. ಇಂಥ ಖಾತೆಗೆ ತಾನಾಗಿ ಕಡಿತವಾಗುವ ಕಂತು ಹಚ್ಚದೆ, ದುಡ್ಡು ಬಿದ್ದಾಗ ಕೈಯಾರೆ ಹಾಕುವುದು ಲೇಸು.

ಎಲ್ಲಿ ಹಾಕಬೇಕು? ಗ್ರಾಂ ಒಂದಕ್ಕೆ 2,000ದ ಎಷ್ಟೋ ಪಟ್ಟು ಬೆಲೆಯಿರುವ ಕಾಲದಲ್ಲಿ ತಿಂಗಳಿಗೊಂದು ನಾಣ್ಯ ಕೊಳ್ಳುವ ಮಾತೇ ಇಲ್ಲ. ಅರ್ಧ ಗ್ರಾಂನ ಮೂಗುತಿ, ಉಂಗುರ ಎಂದು ಚೂರು ಚೂರು ಕೊಂಡರಂತೂ ಪ್ರತಿ ಸಲ ಮಜೂರಿ, ಅದರ ಮೇಲೆ ಶೇಕಡಾ 3ರ ಜಿಎಸ್‌ಟಿ. ಮಾರುವಾಗ ಪತ್ತಾರ ಎರಡನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊಬೈಲಿನಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಗೋಲ್ಡ್‌ನಲ್ಲೂ ಶೇಕಡಾ 3ರ ತೆರಿಗೆ ಇದೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಇದೆ. ಸಾಲದ್ದಕ್ಕೆ ಅದು ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಸರ್ಕಾರದ ಸವರನ್ ಗೋಲ್ಡ್ ಬಾಂಡ್ ಇಂಥವರಿಗೆ ಹೇಳಿ ಮಾಡಿಸಿದಂತಿತ್ತು. 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684 ಕೊಟ್ಟವರಿಗೆ ಎಂಟು ವರ್ಷಕ್ಕೆ 6,132 ಬಂತು, ನಡುವೆ ಬಡ್ಡಿ ಬೇರೆ. ಆದರೆ 2024ರ ಫೆಬ್ರವರಿಯ ಕಂತೇ ಕೊನೆ, ಆಮೇಲೆ ಹೊಸದು ಹೊರಡಲಿಲ್ಲ.

ಉಳಿದದ್ದು ಮ್ಯೂಚುವಲ್ ಫಂಡಿನ ಗೋಲ್ಡ್ ಫಂಡ್. ಐನೂರು ರೂಪಾಯಿಯಿಂದಲೂ ಹಾಕಬಹುದು, ಡಿಮ್ಯಾಟ್ ಖಾತೆ ಬೇಡ, ಬಂದ ತಿಂಗಳ ದರಕ್ಕೇ ಬಂಗಾರ ಗಟ್ಟಿಯಾಗುತ್ತದೆ. ವರ್ಷಕ್ಕೆ ಶೇಕಡಾ ಒಂದರೊಳಗೆ ಖರ್ಚು ಹಿಡಿದುಕೊಳ್ಳುತ್ತಾರೆ. ಮದುವೆಯ ಹೊತ್ತಿಗೆ ಮಾರಿ ಒಡವೆ ಮಾಡಿಸುವಾಗ ಮಜೂರಿ, ಜಿಎಸ್‌ಟಿ ಒಂದೇ ಸಲ. ಫಂಡು, ಮೊಬೈಲು ಒಲ್ಲದ ಅವ್ವನಿಗೆ ಅಂಚೆ ಕಚೇರಿಯ ಆರ್‌ಡಿ ಇದೆ. ಆದರೆ ಆರ್‌ಡಿ ಎಂದರೆ ಬಂಗಾರವಲ್ಲ, ಬಂಗಾರ ಬಡ್ಡಿಗಿಂತ ಜೋರಾಗಿ ಏರಲಾರದು ಎಂಬ ಪಣ. 2018ರ ನಂತರದ ವರ್ಷಗಳಲ್ಲಿ ಆ ಪಣ ಹಾಕಿದವರು ಚೆನ್ನಾಗಿ ಸೋತರು.

ಇನ್ನು ಮಗನ ಸುಗ್ಗಿ ದುಡ್ಡು. ಅವನು ಬಂಗಾರದ ದರವನ್ನು ರೂಪಾಯಿಯಲ್ಲಿ ನೋಡುವುದಕ್ಕಿಂತ ಕ್ವಿಂಟಲ್‌ನಲ್ಲಿ ನೋಡುವುದು ಉಪಯೋಗಕ್ಕೆ ಬರುತ್ತದೆ. 2012ರಲ್ಲಿ ಗೋವಿನಜೋಳದ ಬೆಂಬಲ ಬೆಲೆ 1,175, ಹತ್ತು ಗ್ರಾಂ ಬಂಗಾರಕ್ಕೆ 26 ಕ್ವಿಂಟಲ್ ಮಾರಬೇಕಿತ್ತು. 2018ರಲ್ಲಿ ಬೆಂಬಲ ಬೆಲೆ 1,700, ಹದಿನೆಂಟೂವರೆ ಕ್ವಿಂಟಲ್ ಸಾಕಾಗಿತ್ತು. 2025ರಲ್ಲಿ ಬೆಂಬಲ ಬೆಲೆ 2,400, ಬಂಗಾರ 1,28,000ದ ಆಸುಪಾಸು. ಅಂದರೆ 53 ಕ್ವಿಂಟಲ್. ಅದೂ ಬೆಂಬಲ ಬೆಲೆ ಸಿಕ್ಕರೆ. ಆ ನವೆಂಬರ್‌ನಲ್ಲಿ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿದ್ದುದರಿಂದಲೇ ಹಾವೇರಿ ಜಿಲ್ಲೆಯ ರೈತರು ಬೀದಿಗಿಳಿದದ್ದು. (ನಮ್ಮದೇ ಜಿಲ್ಲೆಯ ಗಣಜೂರಿನ ನೆಲದಡಿ ಬಂಗಾರದ ಅದಿರು ಇದೆ. ಆದರೆ ನಮ್ಮ ಹೊಲದ ಲೆಕ್ಕ ಇನ್ನೂ ಜೋಳದ ರಾಶಿಯಲ್ಲೇ.)

ಈ ಕ್ವಿಂಟಲ್ ಲೆಕ್ಕ ನಾಳೆಯ ದರವನ್ನು ಹೇಳುವುದಿಲ್ಲ. ಆದರೆ ಬೆಳೆಯ ಹೋಲಿಕೆಯಲ್ಲಿ ಬಂಗಾರ ಅಗ್ಗವೋ ತುಟ್ಟಿಯೋ ಎಂಬುದನ್ನು ಹೇಳುತ್ತದೆ. ಹದಿನೆಂಟು ಕ್ವಿಂಟಲ್‌ಗೆ ತೊಲಿ ಸಿಗುವಾಗ ಸುಗ್ಗಿಯ ದುಡ್ಡಿನಲ್ಲಿ ಒಮ್ಮೆಲೇ ಕೊಳ್ಳುವುದಕ್ಕೂ, ಐವತ್ತಮೂರಕ್ಕೆ ಸಿಗುವಾಗ ವರ್ಷದ ರಾಶಿಯನ್ನೇ ಒಂದು ಡಬ್ಬಿಯೊಳಗೆ ತುಂಬುವುದಕ್ಕೂ ವ್ಯತ್ಯಾಸ ಇದೆ. ಎರಡನೆಯ ಸಂದರ್ಭದಲ್ಲಿ ನಾನಾದರೆ ಮೂರೋ ನಾಲ್ಕೋ ಭಾಗ ಮಾಡಿ, ಮೊದಲ ಭಾಗಕ್ಕೆ ತಕ್ಷಣ ಕೊಂಡು, ಉಳಿದದ್ದನ್ನು ಮೂರು, ಆರು, ಒಂಬತ್ತು ತಿಂಗಳ ಠೇವಣಿಗೆ ಹಾಕುತ್ತೇನೆ. ಹೆಚ್ಚು ಲಾಭ ಬರುತ್ತದೆಂದಲ್ಲ. ಏರುವ ಕಾಲವಾದರೆ ಇದರಿಂದ ನಷ್ಟವೇ. ಆದರೆ 2012ರಂಥ ದೀಪಾವಳಿಗೆ ಪೂರಾ ಸಿಕ್ಕಿಬೀಳುವುದು ತಪ್ಪುತ್ತದೆ.

ಅದಕ್ಕೂ ಮೊದಲು ತೆಗೆದಿಡಬೇಕಾದದ್ದು ಮುಂಗಾರಿನ ಬೀಜ ಗೊಬ್ಬರದ ದುಡ್ಡು. ನವೆಂಬರ್‌ನಲ್ಲಿ ಒಮ್ಮೆಲೇ ತಂದ ಸರ ಜೂನ್‌ನಲ್ಲಿ ಒತ್ತೆ ಹೋಗುವುದು ನಮ್ಮ ಕಡೆ ಮಾಮೂಲು. ಒಂದು ತೊಲಿಯ ಸರಕ್ಕೆ ಶೇಕಡಾ 12 ಮಜೂರಿ, ಅದರ ಮೇಲೆ ಜಿಎಸ್‌ಟಿ ಸೇರಿ ಬಂಗಾರದ ಬೆಲೆಗಿಂತ ಶೇಕಡಾ 15 ಹೆಚ್ಚು ಕೊಟ್ಟಿರುತ್ತೇವೆ. ಬ್ಯಾಂಕು ಸಾಲ ಕೊಡುವುದು ಬಂಗಾರದ ಬೆಲೆಯ ಮೇಲೆ, ಅದೂ ಪೂರ್ತಿಯಲ್ಲ. ಬಂಗಾರ ನಮ್ಮದೇ ಆದರೂ ಸಾಲಕ್ಕೆ ಬಡ್ಡಿ ಕಟ್ಟುತ್ತ ಕೂರಬೇಕು. ಆದರೂ ಒಡವೆಗೆ ಇರುವ ಒಂದು ಗುಣ ಫಂಡಿಗೆ ಇಲ್ಲ: ಗೋಲ್ಡ್ ಫಂಡು, ಇಟಿಎಫ್, ಗಟ್ಟಿ ಇವುಗಳ ಮೇಲೆ ಬ್ಯಾಂಕು ಬಂಗಾರದ ಸಾಲ ಕೊಡುವುದಿಲ್ಲ. ಕಷ್ಟಕಾಲಕ್ಕೆ ಒತ್ತೆಯಿಡಲೆಂದೇ ಕೊಳ್ಳುವವರು ಒಡವೆಯನ್ನೇ ಕೊಳ್ಳಬೇಕು, ಕಡಿಮೆ ಮಜೂರಿಯ ಸಾದಾ ಬಳೆಯೋ ಗುಂಡಿನ ಸರವೋ ಆದೀತು. ಕಲ್ಲು ಕೂಡಿಸಿದ್ದನ್ನು ಬಿಡಬೇಕು, ತೂಗುವಾಗ ಕಲ್ಲಿನ ತೂಕ ಕಳೆಯುತ್ತಾರೆ.

ಮಗ ಹುಬ್ಬಳ್ಳಿಗೆ ಹೋಗುವ ದಿನ ಅವನ ಜೇಬಿನಲ್ಲಿರುವ ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಇರಲಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುವುದು ಕಡ್ಡಾಯ. ಅದನ್ನು ಆ್ಯಪಿನಲ್ಲಿ ಒತ್ತಿದರೆ ಯಾವ ಒಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂದು ಬರುತ್ತದೆ. ಕೈಯಲ್ಲಿ ಬಳೆ ಹಿಡಿದಿರುವಾಗ ಪರದೆಯ ಮೇಲೆ ಉಂಗುರ ಎಂದು ಬಂದರೆ ದುಡ್ಡು ಎಣಿಸುವುದನ್ನು ನಿಲ್ಲಿಸಬೇಕು. ಬಿಲ್ಲಿನಲ್ಲಿ ತೂಕ, ದರ, ಮಜೂರಿ, ಜಿಎಸ್‌ಟಿ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿರಲಿ. ಆ ಬಿಲ್ಲನ್ನು ಅವ್ವನ ಪಾಸ್‌ಬುಕ್ಕಿನ ಜೊತೆಗೇ ಇಟ್ಟರೆ, ಮುಂದಿನ ದೀಪಾವಳಿಗೆ ಯಾರು ಎಷ್ಟು ಗ್ರಾಂ ಮುಂದಿದ್ದಾರೆಂದು ಇಬ್ಬರೂ ಕೂತು ಎಣಿಸಬಹುದು.